ಗ್ರೂಪ್ ಫೋಟೋದ ಕೊನೆಯ ಕುರ್ಚಿಯವರಿಗೂ ಒಂದು ಕಾಗದ

ಸೆಪ್ಟೆಂಬರ್ 5ರ ಬೆಳಗ್ಗೆ ನಿವೃತ್ತ ಮೇಷ್ಟ್ರುಗಳ ಫೋನು ತುಂಬಿಹೋಗುತ್ತದೆ. ಗುಲಾಬಿ ಹೂವು, ಉರಿಯುವ ದೀಪ, ಪೇಟ ತೊಟ್ಟ ರಾಧಾಕೃಷ್ಣನ್. ಒಂದೇ ಚಿತ್ರ ನಾಲ್ಕು ಬ್ಯಾಚುಗಳಿಂದ ನಾಲ್ಕು ಸಲ ಬಂದಿರುತ್ತದೆ. ಅವರೂ ಎಲ್ಲಕ್ಕೂ ಕೈಮುಗಿದ ಗುರುತು ಒತ್ತಿ ಕಾಫಿಗೆ ಏಳುತ್ತಾರೆ. ಯಾರು ಕಳಿಸಿದರು, ಯಾಕೆ ಕಳಿಸಿದರು ಎಂಬುದು ಇಬ್ಬರಿಗೂ ನೆನಪಿರುವುದಿಲ್ಲ.

ಆ ದಿನಕ್ಕೆ ಕಾರಣರಾದವರಿಗೆ ಸಿಕ್ಕ ಕೃತಜ್ಞತೆ ಹೀಗಿರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಾಕ್ಕೆ ಹೊರಟಾಗ, ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದು ರೈಲ್ವೆ ನಿಲ್ದಾಣ ಮುಟ್ಟಿಸಿದ್ದರು. ಅವರ ಹುಟ್ಟುಹಬ್ಬ ಶಿಕ್ಷಕರ ದಿನಾಚರಣೆಯಾದದ್ದು 1962ರಲ್ಲಿ, ಅವರು ರಾಷ್ಟ್ರಪತಿಯಾದ ಮೇಲೆ.

ಈಗ ಗಾಡಿ ಎಳೆಯಬೇಕಿಲ್ಲ, ಒಂದು ಕಾಗದ ಬರೆದರೆ ಸಾಕು. ಆದರೆ ಎಲ್ಲರ ಪರವಾಗಿ ಬರೆಯುವ ಕಾಗದ ಅಷ್ಟು ಸಲೀಸಲ್ಲ. ಒಂದು ಸರ್ಕಾರಿ ಪ್ರೌಢಶಾಲೆಯ 1994ರ ಎಸ್ಸೆಸ್ಸೆಲ್ಸಿ ಬ್ಯಾಚು ಎಂದಿಟ್ಟುಕೊಳ್ಳಿ. ಮೊದಲ ಕೆಲಸ ಪಟ್ಟಿ. ನೆನಪಿನಿಂದ ಬರೆಯಲು ಕೂತರೆ ಹೆಡ್‌ಮಾಸ್ಟರು, ಗಣಿತ, ಇಂಗ್ಲಿಷು, ಕನ್ನಡ, ಅಲ್ಲಿಗೆ ನಿಂತುಬಿಡುತ್ತದೆ. ಅದಕ್ಕೇ ಆ ವರ್ಷದ ಗ್ರೂಪ್ ಫೋಟೋ ಹುಡುಕಿ ತೆಗೆಯಬೇಕು. ಕುರ್ಚಿ ಸಾಲಿನ ತುದಿಯಲ್ಲಿ ಗುಮಾಸ್ತರು, ಅವರ ಪಕ್ಕ ಡ್ರಾಯಿಂಗ್ ಮೇಷ್ಟ್ರು ಇಲ್ಲವೇ ಪಿ.ಟಿ. ಮೇಷ್ಟ್ರು, ಅಂಚಿನಲ್ಲಿ ಕೈಕಟ್ಟಿ ನಿಂತ ಜವಾನ. ಪಟ್ಟಿಯಿಂದ ಜಾರಿಹೋಗುವವರು ಇವರೇ. 2002ರಲ್ಲಿ ಅಕ್ಷರ ದಾಸೋಹ ಶುರುವಾದ ಮೇಲೆ ಓದಿದವರು ಅಡುಗೆಯ ಅಕ್ಕಂದಿರನ್ನೂ ಸೇರಿಸಬೇಕು. ಅವರು ಫೋಟೋದಲ್ಲೂ ಇರುವುದು ಅಪರೂಪ.

ಪಟ್ಟಿ ಸಿಕ್ಕಿದ ಮೇಲೆ ಒಬ್ಬೊಬ್ಬರ ಮನೆಗೂ ಫೋನು ಹೋಗಬೇಕು. ಇದನ್ನು ಬಿಟ್ಟವರೇ ತೀರಿಕೊಂಡ ಮೇಷ್ಟ್ರಿಗೆ 'ನೂರ್ಕಾಲ ಬಾಳಿ' ಎಂದು ಕಳಿಸಿ, ಅದನ್ನು ಅವರ ಹೆಂಡತಿ ಓದುವಂತೆ ಮಾಡುವುದು. ಹಾಗೆ ಹೋದವರ ಮನೆಗೂ ಕಾಗದ ಹೋಗಲಿ, ಆದರೆ ಬೇರೆಯದೇ ಹೋಗಲಿ.

ಇನ್ನು ಒಕ್ಕಣೆ. 'ಕತ್ತಲೆಯಿಂದ ಬೆಳಕಿನೆಡೆಗೆ ಕೈಹಿಡಿದು ನಡೆಸಿದ ಗುರುವೃಂದಕ್ಕೆ' ಎಂದು ಬರೆದರೆ ಯಾವ ಊರಿನ ಯಾವ ಶಾಲೆಗೆ ಬೇಕಾದರೂ ಕಳಿಸಬಹುದು. ಹಾಗಾಗಿ ಯಾರಿಗೂ ಅದು ತಮ್ಮದೆನಿಸುವುದಿಲ್ಲ. ಎಲ್ಲರಿಗೂ ಸಾಮಾನ್ಯವಾದ ನಾಲ್ಕು ಸಾಲಿನ ಕೆಳಗೆ, ಆಯಾ ಒಬ್ಬರಿಗೇ ಸಲ್ಲುವ ಮೂರ್ನಾಲ್ಕು ಸಾಲು ಸೇರಿಸಬೇಕು. ಗುಮಾಸ್ತರಿಗಾದರೆ ಹೀಗೆ:

'ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ನೀವು ನಮ್ಮನ್ನು ಒಬ್ಬೊಬ್ಬರನ್ನಾಗಿ ಕಿಟಕಿಯ ಹತ್ತಿರ ಕರೆದು ಹೆಸರು, ಇನಿಷಿಯಲ್ಲು, ಹುಟ್ಟಿದ ತಾರೀಕು ಗಟ್ಟಿಯಾಗಿ ಓದಿಸಿದಿರಿ. ನಮ್ಮಲ್ಲೊಬ್ಬಳ ಹುಟ್ಟಿದ ವರ್ಷ ದಾಖಲಾತಿ ಪುಸ್ತಕದಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಇತ್ತು. ಅವತ್ತು ನೀವು ಗದರಿ ತಿದ್ದಿಸಿದ ತಾರೀಕೇ ಇವತ್ತು ಅವಳ ಪಾಸ್‌ಪೋರ್ಟಿನಲ್ಲಿದೆ.'

ಮಾರ್ಕ್ಸ್ ಕಾರ್ಡಿನ ತಾರೀಕು ತಪ್ಪಾದರೆ ಮುಂದೆ ಕಚೇರಿಯಿಂದ ಕಚೇರಿಗೆ ಎಷ್ಟು ಅಲೆಯಬೇಕೆಂದು ಗೊತ್ತಿದ್ದವರಿಗೆ ಆ ಗದರಿಕೆಯ ಬೆಲೆ ಗೊತ್ತು. ಗುಮಾಸ್ತರಿಗಂತೂ ತಾವು ಮಾಡಿದ್ದು ಬರೀ ಕಾಗದಪತ್ರದ ಕೆಲಸ ಎಂದೇ ಇಷ್ಟು ವರ್ಷ ಅನ್ನಿಸಿರುತ್ತದೆ.

ಜವಾನರ ವಿಷಯದಲ್ಲಿ ಬೇರೊಂದು ತೊಡಕು. ಹೈಸ್ಕೂಲಿನಲ್ಲಿ ಎಲ್ಲರೂ ಅವರನ್ನು ಬರೀ ಹೆಸರು ಹಿಡಿದು, ಏಕವಚನದಲ್ಲೇ ಕರೆದಿರುತ್ತಾರೆ. ಈಗ ಐವತ್ತರ ಹತ್ತಿರ ಬಂದ ನಾವು ಎಪ್ಪತ್ತು ದಾಟಿದ ಅವರಿಗೆ ಏನೆಂದು ಬರೆಯುವುದು? 'ಅಣ್ಣಾ' ಎಂದು ಶುರುಮಾಡಿ ಬಹುವಚನದಲ್ಲಿ ಬರೆಯಿರಿ. ತೂಗುಹಾಕಿದ ರೈಲುಕಂಬಿ ತುಂಡಿಗೆ ಅವರು ಬೆಲ್ಲು ಹೊಡೆಯುತ್ತಿದ್ದದ್ದು, ತಡವಾಗಿ ಬಂದವರನ್ನು ಹಿಂದಿನ ಗೇಟಿನಿಂದ ಒಳಗೆ ಬಿಟ್ಟದ್ದು ಸೇರಲಿ. ಅಡ್ಡಹೆಸರು ಮಾತ್ರ, ಯಾರದೇ ಇರಲಿ, ಬೇಡ. ನಮಗೆ ಅದು ಅಕ್ಕರೆ, ಅವರಿಗೆ ಹಾಗನ್ನಿಸದಿರಬಹುದು.

ಇನ್ನೊಂದು ಕೆಡುವ ಜಾಗ ನಮ್ಮದೇ ಹೊಗಳಿಕೆ. 'ನಾವು ಇಂದು ಡಾಕ್ಟರು, ಎಂಜಿನಿಯರು, ಅಮೆರಿಕದಲ್ಲಿ' ಎಂಬ ಸಾಲು ಬಂತೆಂದರೆ, ಫೇಲಾಗಿ ಗ್ಯಾರೇಜು ಇಟ್ಟ ಗೆಳೆಯ ಗುಂಪಿನಲ್ಲಿದ್ದೂ ಹೊರಗಾಗುತ್ತಾನೆ. ಕ್ಲಾಸಿನ ಕಥೆಗಳನ್ನು ಅವನಷ್ಟು ಚೆನ್ನಾಗಿ ನೆನಪಿಟ್ಟವರು ಇನ್ನಿಲ್ಲ. ಕರಡು ಅವನ ಕೈಯಲ್ಲಿ ಓದಿಸಿ.

ಕಾಗದ ಅಚ್ಚಾಗಲಿ, ಕಣ್ಣಿನ ಪೊರೆ ಬಂದವರಿಗೂ ಕಾಣುವಷ್ಟು ದಪ್ಪಕ್ಷರದಲ್ಲಿರಲಿ. ಕೆಳಗೆ 'ಹಳೆ ವಿದ್ಯಾರ್ಥಿಗಳು' ಎಂದಷ್ಟೇ ಸಾಲದು. ಮೇಷ್ಟ್ರ ನೆನಪಿನಲ್ಲಿರುವುದು ಹಾಜರಿ ಪುಸ್ತಕದ ಹೆಸರು, ಸೆಕ್ಷನ್ನು, ಊರು. ಮದುವೆಯಾದ ಮೇಲೆ ಹೆಸರು ಬದಲಾದವರು ಹಳೆಯದನ್ನೇ ಬರೆಯಲಿ. ಕೊನೆಗೆ ಒಂದೇ ಒಂದು ಫೋನ್ ನಂಬರು ಹಾಕಿ, ಎತ್ತುವವರದೇ ಆಗಿರಲಿ. ಆಗಸ್ಟ್ ಕೊನೆಯ ವಾರ ಅಂಚೆಗೆ ಹಾಕಿದರೆ ಸೆಪ್ಟೆಂಬರ್ 5ರ ಒಳಗೆ ಮುಟ್ಟೀತು. ಖುದ್ದಾಗಿ ಕೊಡುವುದಿದ್ದರೆ ಅವತ್ತೇ ಬೇಡ. ಕೆಲವರನ್ನು ಅವತ್ತು ಸನ್ಮಾನಕ್ಕೆಂದು ಕರೆದೊಯ್ದಿರುತ್ತಾರೆ. ಮುಂದಿನ ಭಾನುವಾರ ಮೊದಲೇ ಹೇಳಿ ಹೋಗಿ, ಗುಮಾಸ್ತರ ಮನೆಗೆ ಮೊದಲು.