ನಂಬಿಕೆಯ ಹಾರ್ಮೋನು: ಒಂದು ಪ್ರಯೋಗ, ಹದಿನೈದು ವರ್ಷದ ಪರೀಕ್ಷೆ

2005ರ ಜೂನ್‌ನಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಆಕ್ಸಿಟೋಸಿನ್ ಎಂಬ ಹಾರ್ಮೋನು ಮನುಷ್ಯರಲ್ಲಿ ನಂಬಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಅದರ ಶೀರ್ಷಿಕೆಯಲ್ಲೇ ಇತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಮೈಕಲ್ ಕೋಸ್ಫೆಲ್ಡ್, ಮಾರ್ಕುಸ್ ಹೈನ್ರಿಕ್ಸ್, ಅರ್ನ್ಸ್ಟ್ ಫೆಹ್ರ್ ಮತ್ತವರ ಸಂಗಡಿಗರು ಇದನ್ನು ಬರೆದಿದ್ದರು. ಅಮೆರಿಕದ ಪಾಲ್ ಝಾಕ್ ಕೂಡ ಲೇಖಕರಲ್ಲೊಬ್ಬರು. ಮುಂದಿನ ಕೆಲವು ವರ್ಷಗಳಲ್ಲಿ ಆಕ್ಸಿಟೋಸಿನ್‌ಗೆ ‘ನಂಬಿಕೆಯ ಹಾರ್ಮೋನು’, ‘ಪ್ರೀತಿಯ ಹಾರ್ಮೋನು’, ‘ಅಪ್ಪುಗೆಯ ಹಾರ್ಮೋನು’ ಎಂಬ ಹೆಸರುಗಳು ಅಂಟಿಕೊಂಡವು. ಇಂದಿಗೂ ಆರೋಗ್ಯ ಅಂಕಣಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ ಅವೇ ಹೆಸರುಗಳು ಓಡಾಡುತ್ತಿವೆ. ಆ ಪ್ರಯೋಗದಲ್ಲಿ ನಿಜವಾಗಿ ನಡೆದದ್ದೇನು, ಆಮೇಲೆ ಅದು ಏನಾಯಿತು ಎಂಬುದನ್ನು ನಿಧಾನವಾಗಿ ನೋಡಿದರೆ ಈ ಹೆಸರುಗಳನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬುದು ತಿಳಿಯುತ್ತದೆ.

ಮೊದಲು ಹಾರ್ಮೋನಿನ ಬಗ್ಗೆ ಖಚಿತವಾಗಿ ಗೊತ್ತಿರುವ ಸಂಗತಿಗಳು. ಆಕ್ಸಿಟೋಸಿನ್ ಒಂಬತ್ತು ಅಮೈನೊ ಆಮ್ಲಗಳು ಸೇರಿ ಆದ ಸಣ್ಣ ಅಣು. ಮೆದುಳಿನ ಹೈಪೊಥಲಾಮಸ್ ಭಾಗದಲ್ಲಿ ತಯಾರಾಗಿ, ಪಿಟ್ಯುಟರಿ ಗ್ರಂಥಿಯ ಮೂಲಕ ರಕ್ತಕ್ಕೆ ಬರುತ್ತದೆ. ಹೆರಿಗೆಯ ಹೊತ್ತಿನಲ್ಲಿ ಗರ್ಭಕೋಶ ಹಿಂಡಿಕೊಳ್ಳುವುದಕ್ಕೂ ಮಗು ಮೊಲೆಗೆ ಬಾಯಿ ಹಾಕಿದಾಗ ಹಾಲು ಇಳಿಯುವುದಕ್ಕೂ ಇದೇ ಕಾರಣ. 1953ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ವಿನ್ಸೆಂಟ್ ಡು ವಿನ್ಯೋ ಎರಡು ವರ್ಷದ ನಂತರ ನೊಬೆಲ್ ಪಡೆದರು. ಬಾಣಂತಿಯರ ರಕ್ತಸ್ರಾವ ತಡೆಯಲು ಇಂದು ಹೆರಿಗೆ ವಾರ್ಡುಗಳಲ್ಲಿ ಕೊಡುವ ಮುಖ್ಯ ಚುಚ್ಚುಮದ್ದು ಇದೇ. ಹಾಲು ಕರೆಯಲು ಹಸು ಎಮ್ಮೆಗಳಿಗೆ ಇದನ್ನು ಚುಚ್ಚುವ ದುರ್ಬಳಕೆ ತಡೆಯಬೇಕೆಂದು 2018ರಲ್ಲಿ ಕೇಂದ್ರ ಸರ್ಕಾರ ಖಾಸಗಿ ತಯಾರಿಕೆಯನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸಂಸ್ಥೆಗೆ ಮಾತ್ರ ಅನುಮತಿ ಕೊಟ್ಟಿತ್ತು. ತಾಯಂದಿರ ಜೀವ ಉಳಿಸುವ ಔಷಧಕ್ಕೆ ಕೊರತೆಯಾದೀತೆಂಬ ಆತಂಕ ಎದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಗರ್ಭಕೋಶದ ಮೇಲೆ, ಕೆಚ್ಚಲಿನ ಮೇಲೆ ಈ ಹಾರ್ಮೋನು ಏನು ಮಾಡುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಪ್ರಶ್ನೆ ಇರುವುದು ಮನಸ್ಸಿನ ವಿಷಯದಲ್ಲಿ.

ಜ್ಯೂರಿಕ್‌ನ ಪ್ರಯೋಗ ಹಣದ ಒಂದು ಆಟ. ಇಬ್ಬರು ಆಟಗಾರರು, ಒಬ್ಬರ ಗುರುತು ಇನ್ನೊಬ್ಬರಿಗಿಲ್ಲ. ಇಬ್ಬರ ಕೈಗೂ 12 ನಾಣ್ಯ ಕೊಡಲಾಗುತ್ತದೆ. ಮೊದಲನೆಯವನು ತನ್ನ ಪಾಲಿನಿಂದ 0, 4, 8 ಅಥವಾ 12 ನಾಣ್ಯವನ್ನು ಎರಡನೆಯವನಿಗೆ ಕಳಿಸಬಹುದು. ಕಳಿಸಿದ್ದು ದಾರಿಯಲ್ಲಿ ಮೂರುಪಟ್ಟಾಗುತ್ತದೆ. ಪೂರ್ತಿ 12 ಕಳಿಸಿದರೆ ಎರಡನೆಯವನಿಗೆ 36 ಸೇರಿ, ಅವನಲ್ಲಿ 48 ಆಗುತ್ತದೆ. ಅದರಲ್ಲಿ ಎಷ್ಟನ್ನು ಮರಳಿಸಬೇಕೆಂಬುದು ಅವನಿಗೆ ಬಿಟ್ಟದ್ದು. ಸಮನಾಗಿ ಹಂಚಿದರೆ ಇಬ್ಬರಿಗೂ 24 ಸಿಗುತ್ತದೆ, ಏನನ್ನೂ ಮರಳಿಸದಿದ್ದರೆ ಕಳಿಸಿದವನ ಕೈ ಬರಿದು. ಆದ್ದರಿಂದ ಮೊದಲನೆಯವನು ಎಷ್ಟು ಕಳಿಸುತ್ತಾನೆ ಎಂಬುದನ್ನೇ ಅವನು ಇಟ್ಟ ನಂಬಿಕೆಯ ಅಳತೆ ಎಂದು ಸಂಶೋಧಕರು ಹಿಡಿದರು.

ಹಣ ಕಳಿಸುವ ಪಾತ್ರದಲ್ಲಿ 58 ಮಂದಿ ಇದ್ದರು, ಎಲ್ಲರೂ ಗಂಡಸರು. ಆಟಕ್ಕೆ ಸುಮಾರು 50 ನಿಮಿಷ ಮೊದಲು 29 ಮಂದಿಯ ಮೂಗಿಗೆ 24 ಯೂನಿಟ್ ಆಕ್ಸಿಟೋಸಿನ್ ಸ್ಪ್ರೇ, ಉಳಿದ 29 ಮಂದಿಗೆ ಹಾರ್ಮೋನಿಲ್ಲದ ಸ್ಪ್ರೇ ಕೊಟ್ಟರು. ಹಾರ್ಮೋನು ಪಡೆದವರಲ್ಲಿ 13 ಮಂದಿ ಪ್ರತಿ ಸಲವೂ ಪೂರ್ತಿ 12 ನಾಣ್ಯ ಕಳಿಸಿದರು. ಇನ್ನೊಂದು ಗುಂಪಿನಲ್ಲಿ ಹಾಗೆ ಮಾಡಿದವರು 6 ಮಂದಿ. ಸರಾಸರಿ ಲೆಕ್ಕದಲ್ಲಿ ಹಾರ್ಮೋನಿನ ಗುಂಪು ಶೇ 17ರಷ್ಟು ಹೆಚ್ಚು ಕಳಿಸಿತ್ತು. ಎದುರಿಗೆ ಮನುಷ್ಯನ ಬದಲು ಬರೀ ಅದೃಷ್ಟದ ಮೇಲೆ ನಡೆಯುವ ಆಟ ಇಟ್ಟಾಗ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹಾರ್ಮೋನು ಜನರನ್ನು ಹುಂಬರನ್ನಾಗಿ ಮಾಡುವುದಿಲ್ಲ, ಇತರರನ್ನು ನಂಬುವಂತೆ ಮಾತ್ರ ಮಾಡುತ್ತದೆ ಎಂದು ಲೇಖಕರು ವಾದಿಸಿದರು.

ಪ್ರಯೋಗವನ್ನು ಜಾಣತನದಿಂದ ರೂಪಿಸಿದ್ದರು, ಅದರಲ್ಲಿ ಮೋಸವಿರಲಿಲ್ಲ. ಆದರೂ ಅದೇ ಪ್ರಬಂಧದಲ್ಲೇ ಎಚ್ಚರದ ಗುರುತುಗಳಿದ್ದವು. ಹಣವನ್ನು ಮರಳಿಸುವ ಪಾತ್ರದವರಿಗೆ ಆಕ್ಸಿಟೋಸಿನ್ ಕೊಟ್ಟಾಗ ಅವರು ಹೆಚ್ಚು ಉದಾರಿಗಳಾಗಲಿಲ್ಲ. ಮನುಷ್ಯರ ನಡುವಿನ ಒಳ್ಳೆಯತನವನ್ನೇ ಹಾರ್ಮೋನು ಹೆಚ್ಚಿಸುವುದಾದರೆ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವ ಗುಣವೂ ಹೆಚ್ಚಬೇಕಿತ್ತು. ಎರಡನೆಯದು ಸಂಖ್ಯೆಯ ವಿಷಯ. 13 ಮತ್ತು 6ರ ನಡುವಿನ ಅಂತರ ದೊಡ್ಡದಾಗಿ ಕಾಣುತ್ತದೆ. ಆದರೆ ಹಾರ್ಮೋನಿನ ಗುಂಪಿನ ಮೂರೇ ಮಂದಿ ಬೇರೆ ಬಗೆಯಲ್ಲಿ ಯೋಚಿಸಿದ್ದರೆ ಅದು 10 ಮತ್ತು 6 ಆಗುತ್ತಿತ್ತು. ಆಗ ಅಷ್ಟು ಚಿಕ್ಕ ಗುಂಪಿನಲ್ಲಿ ಅದನ್ನು ಯಾರೂ ವಿಶೇಷವೆಂದು ಗಣಿಸುತ್ತಿರಲಿಲ್ಲ.

ಮೂರನೆಯದು ಲೆಕ್ಕ ಹಾಕಿದ ರೀತಿ. ಹಾರ್ಮೋನಿಗೆ ಯಾವ ಪರಿಣಾಮವೂ ಇಲ್ಲದಿದ್ದಾಗಲೂ ಕೇವಲ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆ ಎಷ್ಟು ಎಂದು ಸಂಖ್ಯಾಶಾಸ್ತ್ರಜ್ಞರು ಕೇಳುತ್ತಾರೆ. ಅದು ಶೇ 5ಕ್ಕಿಂತ ಕಡಿಮೆ ಇದ್ದರೆ ಫಲಿತಾಂಶವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ರೂಢಿ. ಇಲ್ಲಿ ಅದು ಶೇ 2.9 ಬಂದಿತ್ತು. ಆದರೆ ಆ ಲೆಕ್ಕದಲ್ಲಿ ನಂಬಿಕೆ ಹೆಚ್ಚಬಹುದು ಎಂಬ ಒಂದೇ ದಿಕ್ಕನ್ನು ನೋಡಿದ್ದರು, ಕಡಿಮೆಯಾಗಬಹುದು ಎಂಬುದನ್ನು ಬಿಟ್ಟಿದ್ದರು. ಎರಡೂ ದಿಕ್ಕನ್ನು ಸೇರಿಸಿದರೆ ಸಾಧ್ಯತೆ ಸುಮಾರು ದುಪ್ಪಟ್ಟಾಗಿ ಶೇ 5ರ ಗೆರೆಯನ್ನು ಸ್ವಲ್ಪ ದಾಟುತ್ತದೆ. ಹೀಗೆ ನೋಡಿದರೆ ಅದು ಇನ್ನಷ್ಟು ಸಲ ಮಾಡಿ ನೋಡಬೇಕಾದ ಒಂದು ಸುಳಿವು.

ಇದೇ ಸುಳಿವು ಹೊರಗಿನ ಜಗತ್ತಿಗೆ ಸಿದ್ಧಾಂತವಾಗಿ ತಲುಪಿತು. ಪಾಲ್ ಝಾಕ್ 2011ರ ಟೆಡ್ ಭಾಷಣದಲ್ಲಿ ಆಕ್ಸಿಟೋಸಿನ್ನನ್ನು ನೈತಿಕತೆಯ ಅಣು ಎಂದು ಪರಿಚಯಿಸಿದರು. ಮರುವರ್ಷ ಅದೇ ಹೆಸರಿನ ಪುಸ್ತಕ ಬಂತು. ದಿನಕ್ಕೆ ಎಂಟು ಅಪ್ಪುಗೆ ಎಂಬ ಸಲಹೆಯೂ ಜನಪ್ರಿಯವಾಯಿತು.

ಅಷ್ಟರಲ್ಲಿ ಬೇರೆ ಬೇರೆ ತಂಡಗಳು ಆಟವನ್ನು ಮತ್ತೆ ಆಡಿಸಿದ್ದವು. 2015ರಲ್ಲಿ ಗಿಡಿಯನ್ ನಾವೆ, ಕಾಲಿನ್ ಕ್ಯಾಮರರ್ ಮತ್ತು ಮೈಕಲ್ ಮೆಕಲೊ ಆ ಪ್ರಯತ್ನಗಳನ್ನೆಲ್ಲ ಕೂಡಿಸಿ ನೋಡಿದರು. ಮೊದಲ ಫಲಿತಾಂಶ ಸರಿಯಾಗಿ ಮರುಕಳಿಸಿರಲಿಲ್ಲ, ಒಟ್ಟು ಪರಿಣಾಮವನ್ನು ಸೊನ್ನೆಯಿಂದ ಬೇರ್ಪಡಿಸಿ ಹೇಳುವಂತಿರಲಿಲ್ಲ. 2020ರಲ್ಲಿ ಬೆಲ್ಜಿಯಂನ ಕರೋಲಿನ್ ಡೆಕ್ಲರ್ಕ್ ನೇತೃತ್ವದ ತಂಡ 677 ಮಂದಿಯ ಮೇಲೆ ದೊಡ್ಡ ಪ್ರಯೋಗವನ್ನು ಪ್ರಕಟಿಸಿತು. ಏನನ್ನು ಅಳೆಯುತ್ತೇವೆ, ಹೇಗೆ ಲೆಕ್ಕ ಹಾಕುತ್ತೇವೆ ಎಂಬುದನ್ನು ಮೊದಲೇ ಬರೆದು ನೋಂದಾಯಿಸಿದ್ದರಿಂದ ಆಮೇಲೆ ಬೇಕಾದಂತೆ ಬದಲಿಸಲು ಅವಕಾಶವಿರಲಿಲ್ಲ. ಒಟ್ಟಾರೆ ಪರಿಣಾಮ ಕಾಣಲಿಲ್ಲ. ಸ್ವಭಾವತಃ ಯಾರನ್ನೂ ಅಷ್ಟಾಗಿ ನಂಬದವರಲ್ಲಿ, ಆಟಕ್ಕೆ ಮೊದಲು ಪರಸ್ಪರ ಸಂಪರ್ಕವಿಲ್ಲದಿದ್ದಾಗ ಮಾತ್ರ, ಸ್ವಲ್ಪ ಹೆಚ್ಚಳದ ಸೂಚನೆ ಇತ್ತು. ಅದನ್ನೂ ಮತ್ತೆ ಪರೀಕ್ಷಿಸಬೇಕು. ಮೊದಲ ಪ್ರಬಂಧದ ಅರ್ನ್ಸ್ಟ್ ಫೆಹ್ರ್ ಈ ಪ್ರಬಂಧದ ಲೇಖಕರಲ್ಲೂ ಒಬ್ಬರು ಎಂಬುದನ್ನು ಗೌರವದಿಂದ ನೆನೆಯಬೇಕು. ತಮ್ಮದೇ ಹೆಸರಾಂತ ಫಲಿತಾಂಶವನ್ನು ಇಷ್ಟು ಕಠಿಣ ಪರೀಕ್ಷೆಗೆ ಒಡ್ಡುವವರು ವಿರಳ.

ಹಾಗಾದರೆ ನಡುವಿನ ವರ್ಷಗಳಲ್ಲಿ ಅಷ್ಟೊಂದು ಅನುಕೂಲಕರ ಪ್ರಬಂಧಗಳು ಬಂದದ್ದು ಹೇಗೆ? ಬೆಲ್ಜಿಯಂನದೇ ಇನ್ನೊಂದು ತಂಡ ಇದಕ್ಕೆ ಪ್ರಾಮಾಣಿಕ ಉತ್ತರ ಕೊಟ್ಟಿದೆ. ಖಾಸಗಿ ವಿಷಯಗಳ ಪ್ರಶ್ನಾವಳಿಯನ್ನು ತುಂಬಿದವರು ಲಕೋಟೆಯನ್ನು ಅಂಟಿಸಿ ಕೊಡುತ್ತಾರೋ ತೆರೆದೇ ಕೊಡುತ್ತಾರೋ ಎಂಬುದರಿಂದ ಅವರು ನಂಬಿಕೆಯನ್ನು ಅಳೆದಿದ್ದರು. 2010ರಲ್ಲಿ ಆಕ್ಸಿಟೋಸಿನ್‌ನ ಭಾರಿ ಪರಿಣಾಮ ಕಂಡಿತ್ತು, ಅದನ್ನೇ ಮತ್ತೆ ಎರಡು ಸಲ ಮಾಡಿದಾಗ ಕಾಣಲಿಲ್ಲ. ಆಗ ಅವರು ತಮ್ಮ ಮೇಜಿನ ಡ್ರಾಯರನ್ನೇ ಜನರೆದುರು ತೆರೆದರು. 2009ರಿಂದ 2014ರವರೆಗೆ 453 ಮಂದಿಯ ಮೇಲೆ ಎಂಟು ಅಧ್ಯಯನ ನಡೆಸಿದ್ದರು, ನಿರೀಕ್ಷಿಸಿದ್ದು ಬಾರದ ಸಂದರ್ಭಗಳೇ ಹೆಚ್ಚು. ಆದರೆ ಪ್ರಕಟವಾದ ಐದು ಪ್ರಬಂಧಗಳಲ್ಲಿ ಪರಿಣಾಮವಿಲ್ಲ ಎಂದು ಹೇಳಿದ್ದು ಒಂದೇ. ಪತ್ರಿಕೆಗಳು ಹೊಸತನ್ನು ಬಯಸುತ್ತವೆ, ಏನೂ ಸಿಗಲಿಲ್ಲ ಎಂಬ ಬರಹ ಹೊರಗೆ ಬರುವುದಿಲ್ಲ. ಗೆದ್ದ ಲಾಟರಿ ಚೀಟಿಗಳನ್ನು ಮಾತ್ರ ಗೋಡೆಗೆ ಅಂಟಿಸಿ, ಸೋತವನ್ನು ಬುಟ್ಟಿಗೆ ಹಾಕಿದರೆ ಲಾಟರಿ ಕೊಂಡವರೆಲ್ಲ ಗೆಲ್ಲುತ್ತಾರೆ ಎಂದೇ ನೋಡುವವರಿಗೆ ಅನಿಸುತ್ತದೆ.

ಸ್ಪ್ರೇಯ ಬಗ್ಗೆಯೂ ಮೂಲಭೂತ ತೊಡಕಿದೆ. ರಕ್ತದಲ್ಲಿನ ಆಕ್ಸಿಟೋಸಿನ್ ಸುಲಭವಾಗಿ ಮೆದುಳಿಗೆ ದಾಟಲಾರದು, ರಕ್ತಕ್ಕೂ ಮೆದುಳಿಗೂ ನಡುವೆ ತಡೆ ಇದೆ. ಮೂಗಿಗೆ ಹಾಕಿದ್ದರಲ್ಲಿ ಮೆದುಳು ಸೇರುವುದು ಅತಿ ಸಣ್ಣ ಪಾಲು, ಹೆಚ್ಚಿನದು ರಕ್ತ ಸೇರಿ ದೇಹದ ಬೇರೆ ಅಂಗಗಳಿಗೆ ಹೋಗುತ್ತದೆ. ಸಹಜವಾಗಿಯಾದರೆ ಮೆದುಳು ಈ ಹಾರ್ಮೋನನ್ನು ಬೇಕಾದ ಜಾಗದಲ್ಲಿ, ಬೇಕಾದ ಗಳಿಗೆಯಲ್ಲಿ ಬಿಡುತ್ತದೆ. ಆದ್ದರಿಂದ ಸ್ಪ್ರೇ ಕೆಲಸ ಮಾಡಲಿಲ್ಲವೆಂದ ಮಾತ್ರಕ್ಕೆ ಮೆದುಳಿನ ಆಕ್ಸಿಟೋಸಿನ್‌ಗೆ ಬಾಂಧವ್ಯದಲ್ಲಿ ಪಾತ್ರವಿಲ್ಲ ಎಂದಾಗುವುದಿಲ್ಲ. ಸ್ಪ್ರೇ ಕೆಲಸ ಮಾಡಿದಂತೆ ಕಂಡರೂ ಅದು ಮೆದುಳಿನಲ್ಲಿ ಆದದ್ದೆಂದು ಹೇಳಲಾಗದು.

ಬಾಂಧವ್ಯದಲ್ಲಿ ಇದರ ಪಾತ್ರಕ್ಕೆ ಗಟ್ಟಿ ಆಧಾರ ಸಿಕ್ಕಿದ್ದು ಉತ್ತರ ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿಯಲ್ಲಿ. ಇದರ ಗಂಡು ಹೆಣ್ಣು ಜೋಡಿಯಾಗಿ ಉಳಿದು ಒಟ್ಟಿಗೆ ಮರಿ ಸಾಕುತ್ತವೆ. ಹೆಣ್ಣಿನ ಮೆದುಳಿಗೇ ಆಕ್ಸಿಟೋಸಿನ್ ಹಾಕಿದರೆ ಅದು ಬೇಗನೆ ಸಂಗಾತಿಗೆ ಹೊಂದಿಕೊಳ್ಳುತ್ತದೆ, ಹಾರ್ಮೋನಿನ ಗ್ರಾಹಿಗಳನ್ನು ಔಷಧದಿಂದ ಮುಚ್ಚಿದರೆ ಹೊಂದಿಕೊಳ್ಳುವುದಿಲ್ಲ. ಆದರೆ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ದೇವಾನಂದ ಮನೋಲಿ ಮತ್ತು ಸಂಗಡಿಗರು ಜೀನ್ ತಿದ್ದಿ, ಆ ಗ್ರಾಹಿಯೇ ಇಲ್ಲದ ವೋಲ್‌ಗಳನ್ನು ಹುಟ್ಟಿಸಿದರು. ಅವೂ ಜೋಡಿಯಾದವು, ಮರಿಗಳನ್ನು ನೋಡಿಕೊಂಡವು. ಹುಟ್ಟಿನಿಂದಲೇ ಒಂದು ದಾರಿ ಮುಚ್ಚಿದ್ದರೆ ಬೆಳೆಯುವ ಮೆದುಳು ಬೇರೆ ದಾರಿ ಹಿಡಿದುಕೊಳ್ಳಬಹುದು. ಬಾಂಧವ್ಯ ಒಂದೇ ಅಣುವಿನ ಮೇಲೆ ನಿಂತಿಲ್ಲ ಎಂದು ಇದರಿಂದ ಸ್ಪಷ್ಟವಾಯಿತು.

ಅವಸರದ ಹೆಸರಿನಿಂದ ನೋವುಂಡವರು ಯಾರು ಎಂಬುದೂ ಮುಖ್ಯ. ಆಟಿಸಂ ಇರುವ ಮಕ್ಕಳ ಅನೇಕ ತಂದೆತಾಯಿಗಳು ಈ ಸ್ಪ್ರೇ ಮೇಲೆ ಆಸೆ ಇಟ್ಟರು. 2021ರಲ್ಲಿ ಅಮೆರಿಕದಲ್ಲಿ 3ರಿಂದ 17 ವರ್ಷದ 290 ಮಕ್ಕಳ ಮೇಲೆ 24 ವಾರ ನಡೆದ ಪ್ರಯೋಗದ ಫಲಿತಾಂಶ ಬಂತು. ಹಾರ್ಮೋನು ಪಡೆದ ಮಕ್ಕಳಲ್ಲೂ ಹಾರ್ಮೋನಿಲ್ಲದ ಸ್ಪ್ರೇ ಪಡೆದ ಮಕ್ಕಳಲ್ಲೂ ಸುಧಾರಣೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹೋಲಿಕೆಗೆ ಎರಡನೆಯ ಗುಂಪು ಇಲ್ಲದಿದ್ದರೆ ಆ ಸುಧಾರಣೆಯನ್ನು ಔಷಧದ ಫಲವೆಂದೇ ಎಲ್ಲರೂ ನಂಬುತ್ತಿದ್ದರು.

ಆದ್ದರಿಂದ ಇಂಥ ಹಾರ್ಮೋನಿನ ಸುದ್ದಿ ಓದುವಾಗ ಹೆಸರನ್ನು ಬದಿಗಿಟ್ಟು ಪ್ರಯೋಗವನ್ನು ವಿಚಾರಿಸಬೇಕು. ಎಷ್ಟು ಮಂದಿ ಇದ್ದರು, ಗಂಡಸರಷ್ಟೇ ಇದ್ದರೇ, ಹೋಲಿಕೆಯ ಗುಂಪು ಇತ್ತೇ, ಬೇರೆಯವರು ಮಾಡಿದಾಗಲೂ ಅದೇ ಬಂತೇ ಎಂದು ಕೇಳಬೇಕು. ಅಂತರ್ಜಾಲದಲ್ಲಿ ಮಾರುವ ‘ನಂಬಿಕೆಯ ಸ್ಪ್ರೇ’ಗಳಿಗೆ ಹಣ ಕೊಡಲು ಈಗಿರುವ ಪುರಾವೆಯಲ್ಲಿ ಯಾವ ಕಾರಣವೂ ಇಲ್ಲ, ಮಗುವಿಗೆ ಅದನ್ನು ಹಾಕಲು ಅಂತೂ ಇಲ್ಲವೇ ಇಲ್ಲ. ಆಕ್ಸಿಟೋಸಿನ್ ಹೆರಿಗೆಯಲ್ಲಿ, ಹಾಲೂಡುವಿಕೆಯಲ್ಲಿ ಖಚಿತವಾಗಿ ಕೆಲಸ ಮಾಡುತ್ತದೆ, ಪ್ರಾಣಿಗಳ ಬಾಂಧವ್ಯದಲ್ಲಿ ಇತರ ಹಲವು ರಾಸಾಯನಿಕಗಳ ಜೊತೆ ಸೇರಿ ಕೆಲಸ ಮಾಡುತ್ತದೆ. ಅಪರಿಚಿತನಿಗೆ ಹಣ ಕೊಡುವ ಮುನ್ನ ನಮ್ಮೊಳಗೆ ನಡೆಯುವ ಲೆಕ್ಕಾಚಾರವನ್ನು ಅದೊಂದೇ ತೀರ್ಮಾನಿಸುತ್ತದೆ ಎನ್ನಲು ಮಾತ್ರ ಆಧಾರ ಸಿಕ್ಕಿಲ್ಲ.