ಬಡ್ಡಿ ಕಟ್ತಾನೇ ಇದ್ದೀವಿ, ಸಾಲ ಯಾಕೆ ಕರಗ್ತಿಲ್ಲ?

ಇವತ್ತು ನಮ್ಮನೆ ಕಥೆಯಿಂದಲೇ ಶುರು ಮಾಡ್ತೀನಿ. ಮೂರು ವರ್ಷದ ಹಿಂದೆ ಅಮ್ಮನ ಎರಡೆಳೆ ಸರ ಅಡವಿಟ್ಟು ಒಂದು ಲಕ್ಷ ರೂಪಾಯಿ ಸಾಲ ತಗೊಂಡ್ವಿ. ಬಡ್ಡಿ ವರ್ಷಕ್ಕೆ ಶೇಕಡಾ 12, ತಿಂಗಳಿಗೆ ಸಾವಿರ. ಒಂದು ತಿಂಗಳೂ ತಪ್ಪಿಸಲಿಲ್ಲ, ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಿದ್ವಿ. ಮೊನ್ನೆ ಸರ ಬಿಡಿಸೋಕೆ ಹೋದಾಗ ಗೊತ್ತಾಯ್ತು, 36,000 ಕಟ್ಟಿದ ಮೇಲೂ ಬಾಕಿ ಅದೇ ಒಂದು ಲಕ್ಷ!

ಅಲ್ಲಿ ಮೋಸ ಏನೂ ಆಗಿರಲಿಲ್ಲ. ನಾವು ತಗೊಂಡಿದ್ದೇ ಬಡ್ಡಿ ಮಾತ್ರ ಕಟ್ಟುವ ಸಾಲ. ಆ ಸಾವಿರ ಹಣ ಬಳಸಿದ್ದಕ್ಕೆ ಕೊಡುವ ಬಾಡಿಗೆ ಇದ್ದ ಹಾಗೆ. ಬಾಡಿಗೆ ಎಷ್ಟು ಕಟ್ಟಿದರೂ ಮನೆ ನಮ್ಮದಾಗಲ್ಲ, ಅಲ್ವಾ? ಅಸಲು ಹಾಗೇ ಕೂತಿರುತ್ತೆ.

ಅದೇ ಒಂದು ಲಕ್ಷವನ್ನು ಅದೇ ಬಡ್ಡಿಗೆ 12 ತಿಂಗಳ ಇಎಂಐ ಮಾಡಿಸಿದ್ದರೆ? ಕಂತು ಸುಮಾರು 8,885 ರೂಪಾಯಿ. ಮೊದಲ ತಿಂಗಳು ಅದರಲ್ಲಿ ಸಾವಿರ ಬಡ್ಡಿಗೆ ಹೋಗುತ್ತೆ, ಉಳಿದ 7,885 ಅಸಲಿಗೆ. ಈಗ ಬಾಕಿ 92,115. ಎರಡನೇ ತಿಂಗಳ ಬಡ್ಡಿ ಇಷ್ಟಕ್ಕೇ, ಅಂದ್ರೆ 921 ರೂಪಾಯಿ. ಬಡ್ಡಿ ಇಳಿದಷ್ಟೂ ಅದೇ ಕಂತಿನಿಂದ ಅಸಲಿಗೆ ಹೋಗೋ ಪಾಲು ಹೆಚ್ಚುತ್ತೆ. ಆರು ತಿಂಗಳಿಗೆ ಬಾಕಿ ಸುಮಾರು 51,500, ಹನ್ನೆರಡನೇ ಕಂತಿಗೆ ಸೊನ್ನೆ.

ವರ್ಷದ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಡ್ಡಿ ಮಾತ್ರ ಕಟ್ಟಿದವರು 12,000 ಕೊಟ್ಟಿದ್ದಾರೆ, ಇನ್ನೂ ಒಂದು ಲಕ್ಷ ಕೊಡಬೇಕು. ಇಎಂಐ ಕಟ್ಟಿದವರು ಬಡ್ಡಿ ಅಂತ ಕೊಟ್ಟಿದ್ದು ಸುಮಾರು 6,600, ಸರ ಮನೆಗೆ ಬಂದಿದೆ.

ಹಾಗಂತ ಎಲ್ಲರಿಗೂ ಇಎಂಐ ಸರಿಹೋಗಲ್ಲ. ತಿಂಗಳಿಗೆ ಒಂಬತ್ತು ಸಾವಿರ ಹೊಂದಿಸೋದು ಸುಲಭ ಅಲ್ಲ. ಬೆಳೆ ಮಾರಿದಾಗ ಮಾತ್ರ ದುಡ್ಡು ನೋಡೋ ರೈತರಿಗೆ, ಅಲ್ಲಿವರೆಗೆ ಬಡ್ಡಿ ಕಟ್ಟಿ ಆಮೇಲೆ ಒಂದೇ ಸಲ ಅಸಲು ತೀರಿಸೋದೇ ಅನುಕೂಲ. ಆದರೆ ಆ ದೊಡ್ಡ ಮೊತ್ತ ಎಲ್ಲಿಂದ ಬರುತ್ತೆ ಅಂತ ಸಾಲ ತಗೊಳ್ಳೋ ದಿನವೇ ಗೊತ್ತಿರಬೇಕು. ನಮಗೆ ಗೊತ್ತಿರಲಿಲ್ಲ, ಅದಕ್ಕೇ ರಿನ್ಯೂ ಮೇಲೆ ರಿನ್ಯೂ. ಕೊನೆಗೂ ಅಸಲು ಹೊಂದದಿದ್ದರೆ ಒಡವೆ ಹರಾಜಿಗೆ ಹೋಗುತ್ತೆ.

ಈಗ ನಾವು ಮಧ್ಯದ ದಾರಿ ಹಿಡಿದಿದ್ದೀವಿ. ಕೈಯಲ್ಲಿ ದುಡ್ಡು ಇದ್ದಾಗ ಬಡ್ಡಿ ಜೊತೆ ಐದು ಸಾವಿರ ಅಸಲಿಗೂ ಕಟ್ತೀವಿ. ಒಂದು ಸಲ ಹಾಗೆ ಕಟ್ಟಿದರೆ ಮುಂದಿನ ತಿಂಗಳಿಂದ ಬಡ್ಡಿ 50 ರೂಪಾಯಿ ಇಳಿಯುತ್ತೆ. ಕಟ್ಟುವಾಗ 'ಇದು ಅಸಲಿಗೆ' ಅಂತ ಹೇಳಿ, ರಸೀದಿಯಲ್ಲೂ ಹಾಗೇ ಬರೆದಿದೆಯಾ ನೋಡ್ಕೊಳ್ಳಿ.

ನಿಮ್ಮ ಸಾಲ ಯಾವ ಥರದ್ದು ಅಂತ ತಿಳಿಯೋಕೆ ಎರಡು ತಿಂಗಳ ಸ್ಟೇಟ್‌ಮೆಂಟ್ ಸಾಕು. ಅಸಲು ಬಾಕಿ ಎರಡರಲ್ಲೂ ಒಂದೇ ಇದ್ದರೆ, ನೀವು ಕಟ್ತಿರೋದು ಬರೀ ಬಡ್ಡಿ. ಇವತ್ತೇ ತೆಗೆದು ನೋಡಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.