ಕೆಸರೆಯ ಅಂಗಡಿ, ಕ್ಯೂಆರ್ ಕೋಡ್ ಮತ್ತು ಎಂಬಿಎ ಪ್ರಾಜೆಕ್ಟ್

ಮೈಸೂರಿನಲ್ಲಿ ಎಂಬಿಎ ಅಥವಾ ಎಂ.ಕಾಂ. ಓದುವವರು ಪದವಿ ಮುಗಿಸುವ ಮೊದಲು ಒಂದು ಪ್ರಾಜೆಕ್ಟ್ ವರದಿ ಬರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದಕ್ಕೆ ಸುಲಭವಾಗಿ ಒದಗುವ ವಿಷಯವೊಂದಿದೆ: ಸಣ್ಣ ವ್ಯಾಪಾರಿಗಳಲ್ಲಿ ಡಿಜಿಟಲ್ ಪಾವತಿಯ ಅಳವಡಿಕೆ. ಕಂಪನಿಗಳ ಅನುಮತಿ ಬೇಡ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿಗಳಿರುತ್ತವೆ, ಅಂಗಡಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಇಪ್ಪತ್ತು ಮೂವತ್ತು ಪ್ರಶ್ನೆಗಳ ಒಂದು ಪಟ್ಟಿ, ಪ್ರತಿ ಪ್ರಶ್ನೆಗೆ 'ಖಂಡಿತ ಒಪ್ಪುತ್ತೇನೆ'ಯಿಂದ 'ಖಂಡಿತ ಒಪ್ಪುವುದಿಲ್ಲ'ದವರೆಗೆ ಐದು ಆಯ್ಕೆ, ನೂರು ಅಂಗಡಿ, ಕಂಪ್ಯೂಟರಿನಲ್ಲಿ ಶೇಕಡಾವಾರು ಕೋಷ್ಟಕಗಳು, ಕೊನೆಗೆ ಸಲಹೆಗಳ ಅಧ್ಯಾಯ. ಈ ವಿಷಯ ಒಳ್ಳೆಯದು, ಬಿಡಬೇಕಾದ್ದಲ್ಲ. ಆದರೆ ಪಟ್ಟಿಯ ಮೊದಲ ಪ್ರಶ್ನೆಯಾದ 'ನೀವು ಡಿಜಿಟಲ್ ಪಾವತಿ ಸ್ವೀಕರಿಸುತ್ತೀರಾ, ಹೌದು ಅಥವಾ ಇಲ್ಲ' ಎಂಬುದರ ಕಾಲ ಮುಗಿದಿದೆ. ಇಂದು ಕೇಳಬೇಕಾದ್ದು ಅಂಗಡಿಯ ವ್ಯಾಪಾರದಲ್ಲಿ ಎಷ್ಟು ಪಾಲು ಫೋನಿನ ಮೂಲಕ ಬರುತ್ತದೆ, ಆ ಪಾಲನ್ನು ಅಂಗಡಿಯವರು ಯಾವಾಗ, ಯಾಕೆ ತಗ್ಗಿಸುತ್ತಾರೆ ಎಂಬುದು. ಹಾಗೆ ಕೇಳಲು ನಗರದ ಈಶಾನ್ಯದಲ್ಲಿರುವ, ಹಳೆಯ ಊರನ್ನೂ ಹೊಸ ಬಡಾವಣೆಯ ಹಂತಗಳನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಕೆಸರೆಯಂಥ ಜಾಗ ತಕ್ಕದ್ದು.

ಮೊದಲ ಪ್ರಶ್ನೆಗೂ ಒಂದು ಕಾಲವಿತ್ತು. ಯುಪಿಐ ಬಂದದ್ದು 2016ರಲ್ಲಿ. ಅದೇ ವರ್ಷದ ನವೆಂಬರಿನ ನೋಟು ರದ್ದತಿಯಲ್ಲಿ ಚಿಲ್ಲರೆ ಸಿಗದೆ ಅಂಗಡಿಗಳು ಪರದಾಡಿದವು. ಆಗ ಕ್ಯೂಆರ್ ಕೋಡ್ ಇರುವ ಅಂಗಡಿ ಯಾವುದು, ಇಲ್ಲದ್ದು ಯಾವುದು ಎಂದು ವಿಂಗಡಿಸಿದರೆ ನಿಜವಾಗಿಯೂ ಏನಾದರೂ ತಿಳಿಯುತ್ತಿತ್ತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದಾಯಿತು. ಅದೇ ಸುಮಾರಿಗೆ ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸ್ ಬಂತು. ಅದರಿಂದ ಗಿರಾಕಿಯ ಫೋನಿನ ಪರದೆಯನ್ನು ಇಣುಕಿ ನೋಡುವ ಕೆಲಸ ತಪ್ಪಿತು. ಪಾವತಿಗೆ ಶುಲ್ಕವಿಲ್ಲ, ಮೋಸ ಹೋಗುವ ಅಂಜಿಕೆ ಕಡಿಮೆ ಎಂದ ಮೇಲೆ ಚಹಾದಂಗಡಿಯವರೂ ಸ್ಟಿಕ್ಕರ್ ಅಂಟಿಸಿದರು. ನೂರು ಅಂಗಡಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ 'ಹೌದು' ಎನ್ನುವಲ್ಲಿ ಆ ಪ್ರಶ್ನೆಯಿಂದ ಯಾವ ವ್ಯತ್ಯಾಸವೂ ಹೊರಡದು. ವ್ಯತ್ಯಾಸವೇ ಇಲ್ಲದಿದ್ದರೆ ಅದಕ್ಕೆ ಕಾರಣ ಹುಡುಕುವ ಸಂಖ್ಯಾಶಾಸ್ತ್ರಕ್ಕೂ ಕೆಲಸವಿಲ್ಲ.

ಹಳೆಯ ಪ್ರಶ್ನೆ ಇಷ್ಟು ಗಟ್ಟಿಯಾಗಿ ಉಳಿದಿರಲು ಅದರ ಹಿಂದಿರುವ ಸಿದ್ಧಾಂತವೂ ಕಾರಣ. ಇಂಥ ವರದಿಗಳ ಎರಡನೆಯ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಹೆಸರು ಫ್ರೆಡ್ ಡೇವಿಸ್. ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದು ಅದು ತಮಗೆ ಉಪಯುಕ್ತ ಅನಿಸಿದಾಗ ಮತ್ತು ಬಳಸಲು ಸುಲಭ ಅನಿಸಿದಾಗ ಎಂದು ಆತ 1989ರಲ್ಲಿ ಪ್ರಕಟಿಸಿದ ಲೇಖನ ಹೇಳುತ್ತದೆ. ಅದಕ್ಕಾಗಿ ಆತ ಪ್ರಶ್ನಿಸಿದ್ದು ಕೆನಡಾದ ಐಬಿಎಂ ಪ್ರಯೋಗಾಲಯವೊಂದರ ನೌಕರರನ್ನು ಮತ್ತು ಬಾಸ್ಟನ್‌ನಲ್ಲಿ ಸಂಜೆ ತರಗತಿಗೆ ಬರುತ್ತಿದ್ದ ಎಂಬಿಎ ವಿದ್ಯಾರ್ಥಿಗಳನ್ನು. ಅವರು ಮೇಜಿನ ಮುಂದೆ ಕೂತು, ಕಂಪ್ಯೂಟರಿನಲ್ಲಿ ಒಂದು ಸಲಕರಣೆ ಬಳಸಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುವ ಜನ. ದಿನಸಿ ಅಂಗಡಿಯವರ ಸ್ಥಿತಿ ಬೇರೆ. ಅವರ ಎದುರು ನಿಂತ ಗಿರಾಕಿ ಕೈಯಲ್ಲಿ ಫೋನ್ ಹಿಡಿದುಕೊಂಡೇ 'ಸ್ಕ್ಯಾನರ್ ಎಲ್ಲಿದೆ ಅಣ್ಣ' ಎನ್ನುತ್ತಾನೆ. ಇಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೀಗಿರುವಾಗ 'ಡಿಜಿಟಲ್ ಪಾವತಿ ನನ್ನ ವ್ಯಾಪಾರಕ್ಕೆ ಉಪಯುಕ್ತ' ಎಂಬ ಹೇಳಿಕೆಗೆ ಅಂಗಡಿಯವರು ಒಪ್ಪುತ್ತೇನೆ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಆ ಒಪ್ಪಿಗೆ ಗಿರಾಕಿಯನ್ನು ಕಳೆದುಕೊಳ್ಳಲಾಗದ ಅನಿವಾರ್ಯವನ್ನೂ ಒಳಗೊಂಡಿದೆ. ಪ್ರಶ್ನೆಗಳ ಹೊಂದಾಣಿಕೆಯನ್ನು ಅಳೆಯುವ ಕ್ರಾನ್‌ಬಾಕ್ ಆಲ್ಫಾ 0.7 ದಾಟಿತು ಎಂದು ವಿದ್ಯಾರ್ಥಿ ನೆಮ್ಮದಿಯಾಗಿ ಬರೆಯಬಹುದು. ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ. ಸರಿಯಾದ ಸಂಗತಿಯನ್ನೇ ಕೇಳಿದ್ದೇವೆಯೇ ಎಂಬುದನ್ನು ಯಾವ ಆಲ್ಫಾವೂ ಹೇಳಲಾರದು.

ಈ ಕೊರತೆ ಎಲ್ಲರಿಗೂ ಕಾಣುವಂತಾದದ್ದು 2025ರ ಜುಲೈನಲ್ಲಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಸಂಸ್ಥೆಗಳಿಂದ ಪಡೆದ ಯುಪಿಐ ಲೆಕ್ಕವನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. 2021-22ರಿಂದ 2024-25ರವರೆಗಿನ ವಹಿವಾಟು ಅದರಲ್ಲಿ ಸೇರಿತ್ತು. ವರ್ಷಕ್ಕೆ ಸರಕಿನ ವಹಿವಾಟು 40 ಲಕ್ಷ ರೂಪಾಯಿ, ಸೇವೆಯ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬುದು ನಿಯಮ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಲಕ್ಷಗಟ್ಟಲೆ ತೆರಿಗೆಯ ನೋಟಿಸ್ ಬಂದ ಸುದ್ದಿ ರಾಜ್ಯವೆಲ್ಲ ಹರಡಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೆ ಖಾತೆಗೆ ಬಂದ ಹಣ ಬದನೆಕಾಯಿಯದೋ ಸೋಪಿನದೋ ಎಂದು ಯುಪಿಐ ಲೆಕ್ಕ ಹೇಳುವುದಿಲ್ಲ. ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಎಂಬ ಚೀಟಿಗಳು ಬಂದವು. ನೋಟಿಸ್ ಅಂತಿಮ ಆದೇಶವಲ್ಲ, ವಿವರಣೆ ಕೊಡಬಹುದು ಎಂದು ಇಲಾಖೆ ಹೇಳಿತು. ಜುಲೈ 25ಕ್ಕೆ ಬಂದ್ ಕರೆ ಇತ್ತು. ಅದಕ್ಕೆ ಮೊದಲೇ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. ಬಂದ್ ಕರೆಯನ್ನು ಹಿಂದಕ್ಕೆ ಪಡೆಯಲಾಯಿತು. ಡಿಜಿಟಲ್ ಪಾವತಿಯನ್ನು 'ಅಳವಡಿಸಿಕೊಂಡವರು' ಎಂದು ಹಳೆಯ ವರದಿಗಳು ಒಂದೇ ಕೋಷ್ಟಕದಲ್ಲಿ ಸೇರಿಸುವಂಥ ಅಂಗಡಿಗಳೇ ಕೆಲವು ದಿನಗಳಲ್ಲಿ ಅದರಿಂದ ಹಿಂದೆ ಸರಿದವು. ಒಮ್ಮೆ ಒಪ್ಪಿದರೆ ಮುಗಿಯಿತು ಎಂದು ಭಾವಿಸುವ ಪ್ರಶ್ನಾವಳಿಯಲ್ಲಿ ಈ ಹಿಂಜರಿತವನ್ನು ಬರೆಯಲು ಒಂದು ಖಾನೆಯೂ ಇಲ್ಲ.

ಹಾಗಾದರೆ ಅಳೆಯುವುದು ಹೇಗೆ? ಕೆಸರೆಯ ಬಡಾವಣೆಯ ಒಂದು ದಿನಸಿ ಅಂಗಡಿ, ಸಂಜೆ ಆರರಿಂದ ಏಳು ಗಂಟೆ ಎಂದಿಟ್ಟುಕೊಳ್ಳೋಣ. ವಿದ್ಯಾರ್ಥಿ ಅಂಗಡಿಯವರ ಒಪ್ಪಿಗೆ ಪಡೆದು ಒಂದು ಪಕ್ಕದಲ್ಲಿ ನಿಂತು ಮೂರು ಖಾನೆಯ ಹಾಳೆಯಲ್ಲಿ ಬರೆದುಕೊಳ್ಳಬೇಕು: ನಗದು, ಯುಪಿಐ, ಸಾಲ. ಮೂರನೆಯದನ್ನು ಮರೆಯುವ ಹಾಗಿಲ್ಲ, ಏಕೆಂದರೆ 'ಬರ್ಕೊಳ್ಳಿ ಅಣ್ಣ, ಸಂಬಳ ಆದ್ಮೇಲೆ ಕೊಡ್ತೀನಿ' ಎಂಬ ವ್ಯಾಪಾರವೂ ಅಲ್ಲಿ ನಡೆಯುತ್ತದೆ. ಉದಾಹರಣೆಗೆ ಆ ಗಂಟೆಯಲ್ಲಿ 40 ಮಾರಾಟ, ಒಟ್ಟು 3,200 ರೂಪಾಯಿ. ಯುಪಿಐ 20 ಸಲ, 1,200 ರೂಪಾಯಿ. ನಗದು 16 ಸಲ, 1,100 ರೂಪಾಯಿ. ಸಾಲ 4 ಸಲ, 900 ರೂಪಾಯಿ. ಸಲಗಳನ್ನು ಎಣಿಸಿದರೆ ಯುಪಿಐ ಪಾಲು ಶೇ 50. ಹಣವನ್ನು ಎಣಿಸಿದರೆ ಶೇ 37.5. ಸಾಲದವರೆಲ್ಲ ತಿಂಗಳ ಕೊನೆಯಲ್ಲಿ ಫೋನಿನಿಂದಲೇ ತೀರಿಸಿದರೆ ಅದೇ ಗಂಟೆಯ ಯುಪಿಐ ಪಾಲು ಶೇ 65 ದಾಟುತ್ತದೆ. ಒಂದೇ ಅಂಗಡಿ, ಒಂದೇ ಗಂಟೆ, ಮೂರು ಉತ್ತರ. ಯಾವುದನ್ನು ಅಳೆದೆ ಎಂದು ಹೇಳದ ವರದಿಯ ಶೇಕಡಾವಾರಿಗೆ ಅರ್ಥವಿಲ್ಲ. ಇನ್ನು ಅಂಗಡಿಯವರ ಫೋನಿನಲ್ಲಿರುವ ದಿನದ ಒಟ್ಟು ಮೊತ್ತವನ್ನೇ ಮಾರಾಟವೆಂದು ತೆಗೆದುಕೊಂಡರೆ ಮತ್ತೊಂದು ತಪ್ಪಾಗುತ್ತದೆ. ತಮ್ಮನು ಹಿಂದಿರುಗಿಸಿದ ಕೈಸಾಲ, ಚೀಟಿ ಹಣ, ಗಿರಾಕಿ ಸ್ಕ್ಯಾನ್ ಮಾಡಿ ಗಲ್ಲಾದಿಂದ ತೆಗೆದುಕೊಂಡ ನಗದು, ಎಲ್ಲವೂ ಅದರಲ್ಲಿ ಬೆರೆತಿರಬಹುದು. ಅಂಗಡಿಯಲ್ಲಿ ಎರಡು ಕ್ಯೂಆರ್ ಇದ್ದು, ಒಂದು ಮನೆಯವರ ಹೆಸರಿನಲ್ಲಿದ್ದರೆ ಪಾಲು ಕಡಿಮೆಯಾಯಿತು ಎಂದು ಕಂಡದ್ದು ಬರೀ ಖಾತೆ ಬದಲಾವಣೆಯೂ ಆಗಿರಬಹುದು. ಕೆಸರೆಯ ಆ ಹಾಳೆಗೆ ಇನ್ನೊಂದು ಸಣ್ಣ ಗುರುತು ಬೇಕು: ಯಾವ ಸ್ಟಿಕ್ಕರಿಗೆ ಸ್ಕ್ಯಾನ್ ಆಯಿತು.

ಇಲ್ಲಿಂದಲೇ ನಿಜವಾದ ಸಂಶೋಧನಾ ವಿಷಯ ಹೊರಡುತ್ತದೆ. ದಿನಕ್ಕೆ 12,000 ರೂಪಾಯಿ ವ್ಯಾಪಾರದ ದಿನಸಿ ಅಂಗಡಿ ವರ್ಷಕ್ಕೆ 360 ದಿನ ತೆರೆದಿದ್ದರೆ ವಹಿವಾಟು 43.2 ಲಕ್ಷ. ಅರ್ಧ ಯುಪಿಐ ಆದರೆ ಖಾತೆಯಲ್ಲಿ ಕಾಣುವುದು 21.6 ಲಕ್ಷ. ಶೇ 95 ಆದರೆ 41 ಲಕ್ಷ. ವ್ಯಾಪಾರ ಒಂದು ರೂಪಾಯಿಯೂ ಹೆಚ್ಚಿಲ್ಲ, ಕಾಣಿಸುವ ಭಾಗವಷ್ಟೇ ಹೆಚ್ಚಿದೆ. ನೂರಕ್ಕೆ ಹತ್ತು ಉಳಿದರೂ ದಿನಕ್ಕೆ ಸಿಗುವುದು 1,200 ರೂಪಾಯಿ, ಅದರಲ್ಲೇ ಬಾಡಿಗೆ ಮತ್ತು ಕರೆಂಟ್ ಬಿಲ್ ಹೋಗಬೇಕು. ಬಿಡಿ ಅಕ್ಕಿಗೆ ತೆರಿಗೆ ಇಲ್ಲದಿದ್ದರೂ, ಸೋಪನ್ನೂ ಮಾರುವ ಅಂಗಡಿಯಲ್ಲಿ ಆ ಅಕ್ಕಿಯ ಮಾರಾಟ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಅದೇ ಕೆಸರೆಯಲ್ಲಿ ದಿನಕ್ಕೆ 3,000 ರೂಪಾಯಿಯ ಚಹಾದಂಗಡಿಯವರು ವರ್ಷಕ್ಕೆ 11 ಲಕ್ಷವನ್ನೂ ಮುಟ್ಟುವುದಿಲ್ಲ, ಮಿತಿಯಿಂದ ದೂರ. ಬರೀ ತರಕಾರಿ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಬೇಕಿಲ್ಲ. ಹೀಗೆ ಮೂರು ಬಗೆಯ ಅಂಗಡಿಗಳು ಸಿಗುತ್ತವೆ. ಮಿತಿಯ ಹತ್ತಿರದ ದಿನಸಿ ಅಂಗಡಿಗಳು ಮಾತ್ರ ಯುಪಿಐ ತಗ್ಗಿಸಿದ್ದರೆ ಅದು ಲೆಕ್ಕಾಚಾರ. ಮೂರೂ ಬಗೆಯವರು ಒಂದೇ ರೀತಿ ತಗ್ಗಿಸಿದ್ದರೆ ಅದು ಭಯ. ಲೆಕ್ಕಾಚಾರವಾದರೆ ತೆರಿಗೆ ನೀತಿ ಬದಲಾಗಬೇಕು. ಭಯವಾದರೆ ತಿಳಿವಳಿಕೆ ತಲುಪಬೇಕು, ಅದೂ ಅಂಗಡಿಯವರ ಭಾಷೆಯಲ್ಲಿ. ಮದ್ದು ಬೇರೆ ಬೇರೆ ಆದ್ದರಿಂದ ಈ ಎರಡನ್ನು ಬಿಡಿಸಿ ನೋಡುವ ವಿದ್ಯಾರ್ಥಿಯ ವರದಿ ಇಲಾಖೆಯ ಮೇಜಿಗೆ ಹೋಗಲು ಯೋಗ್ಯ.

ಆಕ್ಷೇಪಗಳಿವೆ. ಪ್ರಾಜೆಕ್ಟಿಗೆ ಸಿಗುವುದು ಕೆಲವೇ ವಾರ, ಹೀಗೆ ಅಂಗಡಿಯಲ್ಲಿ ನಿಲ್ಲಲು ಪುರುಸೊತ್ತೆಲ್ಲಿ ಎನ್ನಬಹುದು. ಬಗೆಗೆ ಹತ್ತರಂತೆ ಮೂವತ್ತು ಅಂಗಡಿ, ಒಂದೊಂದರಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಂದರೆ ಅರವತ್ತು ಗಂಟೆ. ನೂರು ಪ್ರಶ್ನಾವಳಿ ತುಂಬಿಸಲು ಅಲೆಯುವ ಸಮಯಕ್ಕಿಂತ ಇದು ಬಹಳ ಹೆಚ್ಚಲ್ಲ. ಮೂವತ್ತು ತೀರ ಕಡಿಮೆ, 384 ಬೇಕು ಎಂದು ಮಾರ್ಗದರ್ಶಕರು ಕೇಳಬಹುದು. ಆ ಸಂಖ್ಯೆ ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಕೊಟ್ಟ ಪಟ್ಟಿಯಿಂದ ಬಂದದ್ದು. ಪೂರ್ತಿ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದಾಗ ಮಾತ್ರ ಅದಕ್ಕೆ ಬೆಲೆ. ಸಿಕ್ಕ ಅಂಗಡಿಗೆ ಹೋಗಿ ತುಂಬಿಸಿದ 384, ಸಿಕ್ಕ ಅಂಗಡಿಗಳ 384 ಮಾತ್ರ. ಮೂವತ್ತರಿಂದ ಇಡೀ ಮೈಸೂರಿನ ಬಗ್ಗೆ ತೀರ್ಪು ಕೊಡಲಾಗದು, ನಿಜ. ದೊಡ್ಡ ವ್ಯತ್ಯಾಸವಿದ್ದರೆ ಮಾತ್ರ ಕಾಣುತ್ತದೆ ಎಂಬುದನ್ನೂ ವರದಿ ಒಪ್ಪಿಕೊಂಡೇ ಹೊರಡಬೇಕು. ಮೈಸೂರು ಸಣ್ಣ ಪಟ್ಟಣವಲ್ಲ, ಮಹಾನಗರ ಪಾಲಿಕೆಯ ಊರು, ಇಲ್ಲಿ ಕಂಡದ್ದು ಬೇರೆಡೆಗೆ ಹೊಂದದು ಎನ್ನುವವರಿಗೆ ಉತ್ತರ, ಇದೇ ಹಾಳೆಯನ್ನು ನಂಜನಗೂಡಿಗೂ ತಿ. ನರಸೀಪುರಕ್ಕೂ ಒಯ್ದು ಹೋಲಿಸುವುದೇ. ಹೋಲಿಕೆಗೆ ಮೊದಲು ಒಂದು ಕಡೆ ಗಟ್ಟಿಯಾಗಿ ಅಳೆದಿರಬೇಕು.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಬೇರೆ. ನೋಟಿಸುಗಳ ನಂತರ ಹಾಳೆ ಹಿಡಿದು ಬಂದವರನ್ನು ಅಂಗಡಿಯವರು 'ನೀವು ಟ್ಯಾಕ್ಸ್‌ನವರಾ' ಎಂದು ಕೇಳದೆ ಬಿಡುವುದಿಲ್ಲ, ಕೇಳುವ ಹಕ್ಕೂ ಅವರಿಗಿದೆ. ವರ್ಷದ ವಹಿವಾಟು ಎಷ್ಟು ಎಂಬ ಪ್ರಶ್ನಾವಳಿಯ ಸಾಲಿಗೆ ಇನ್ನು ನಿಜವಾದ ಉತ್ತರ ನಿರೀಕ್ಷಿಸುವುದು ಕಷ್ಟ. ಎಣಿಕೆಯ ಹಾಳೆ ಮೇಲೆನಿಸುವುದು ಈ ಕಾರಣಕ್ಕೂ ಹೌದು: ಅದರಲ್ಲಿ ಹೆಸರಿಲ್ಲ, ಫೋನ್ ನಂಬರಿಲ್ಲ, ಖಾತೆಯ ಚಿತ್ರವಿಲ್ಲ, ಅಂಗಡಿಗೆ ಒಂದು ಸಂಖ್ಯೆ ಮಾತ್ರ. ಎದುರಿಗೆ ನಿಂತವರಿಂದ ಆ ಗಂಟೆಯ ನಡವಳಿಕೆ ಬದಲಾಗಬಹುದು ಎಂಬುದು ಉಳಿಯುತ್ತದೆ. ಗಂಟೆಗಳು ಹೆಚ್ಚಾದರೂ, ಮೊದಲ ದಿನದ ಹಾಳೆಯನ್ನು ಬಿಟ್ಟು ಎರಡನೆಯ ಭೇಟಿಯಿಂದ ಲೆಕ್ಕ ಹಿಡಿದರೆ ಅದು ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ 1916ರಿಂದಲೂ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದಲೂ ಇದೇ ಊರಿನಲ್ಲಿವೆ. ವಾಣಿಜ್ಯದ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ, ಅಂಗಡಿಗಳಿಗೂ ಕೊರತೆಯಿಲ್ಲ. 2025ರ ಜೂನ್‌ನಲ್ಲಿ ಕೆಸರೆಯ ಮೂವತ್ತು ಅಂಗಡಿಗಳ ಹಾಳೆಯೊಂದು ಯಾರದಾದರೂ ಚೀಲದಲ್ಲಿದ್ದಿದ್ದರೆ, ಆಗಸ್ಟಿನಲ್ಲಿ ಅದೇ ಗಂಟೆಗೆ ಅದೇ ಅಂಗಡಿಗಳಿಗೆ ಹೋಗಿ ಎಷ್ಟು ಕುಸಿಯಿತು, ಯಾರಲ್ಲಿ ಕುಸಿಯಿತು ಎಂದು ಹೇಳಬಹುದಿತ್ತು. ಆ ಮೊದಲಿನ ಸ್ಥಿತಿಯನ್ನು ಈಗ ಯಾರ ನೆನಪಿನಿಂದಲೂ ನಿಖರವಾಗಿ ಪಡೆಯಲಾಗದು. ಮುಂದೆ ಯುಪಿಐಗೆ ಶುಲ್ಕ ಬಂದರೆ, ಮಿತಿ ಬದಲಾದರೆ, ಅಂಗಡಿಯವರು ಮತ್ತೆ ತಮ್ಮ ಲೆಕ್ಕ ತಾವೇ ಹಾಕುತ್ತಾರೆ. ಅಷ್ಟರೊಳಗೆ ಒಂದು ಹಾಳೆ ಎಣಿಸಿಟ್ಟಿರಬೇಕೆಂದು ಆಸೆ.